ಎಸ್‌ಐಪಿ, ಎನ್‌ಎವಿ, ಡಿವಿಡೆಂಡ್, ಬುಲ್ ರನ್: ನೀನು ಕೇಳಿದ್ದಕ್ಕೆಲ್ಲ ಉತ್ತರ
ಪಲ್ಲವಿ, ನೀನ್ ಕಳಿಸಿದ್ ಸ್ಕ್ರೀನ್‌ಶಾಟ್ ನೋಡ್ದೆ. ಮೊದ್ಲು ಒಂದ್ ವಿಷ್ಯ, ಎಸ್‌ಐಪಿ ಅನ್ನೋದು ಮ್ಯೂಚುವಲ್ ಫಂಡ್ ಅಲ್ಲ ಕಣೇ, ಅದಕ್ಕೆ ದುಡ್ಡು ಹಾಕೋ ರೀತಿ ಅಷ್ಟೇ. ತಿಂಗ್ಳಿಗೊಂದ್ಸಲ ಇಂಥ ತಾರೀಕು ಇಷ್ಟು ಅಂತ ನಿನ್ನ ಅಕೌಂಟಿಂದ ತಾನೇ ಕಟ್ ಆಗಿ ಫಂಡಿಗೆ ಹೋಗುತ್ತೆ. ಹಾಗಾಗಿ 'ಎಸ್‌ಐಪಿ ಒಳ್ಳೇದಾ' ಅಂತ ಕೇಳ್ಬೇಡ, ಯಾವ ಫಂಡಲ್ಲಿ ಅಂತ ಕೇಳು.

ದುಡ್ಡು ಹಾಕ್ದಾಗ ಫಂಡಲ್ಲಿ ನಿನಗೆ ಸಿಗೋ ಪಾಲನ್ನ ಯೂನಿಟ್ ಅಂತಾರೆ, ಎನ್‌ಎವಿ ಅಂದ್ರೆ ಅಂಥ ಒಂದು ಯೂನಿಟ್ ಬೆಲೆ. ಫಂಡ್ ಹತ್ರ ಇರೋ ಶೇರು, ಬಾಂಡು, ಕ್ಯಾಶು ಎಲ್ಲದರ ಬೆಲೆ ಕೂಡಿಸಿ, ಖರ್ಚು ಸಾಲ ಕಳೆದು, ಒಟ್ಟು ಯೂನಿಟ್‌ಗಳಿಂದ ಭಾಗಿಸಿದ್ರೆ ಬರೋದು. ಮಾರ್ಕೆಟ್ ಮುಗಿದ್ಮೇಲೆ ದಿನಾ ಲೆಕ್ಕ ಹಾಕ್ತಾರೆ. ಈಗ ನೀನು 2000 ಹಾಕ್ದಾಗ ಎನ್‌ಎವಿ 50 ಇದ್ರೆ 40 ಯೂನಿಟ್, ಮುಂದಿನ್ ತಿಂಗ್ಳು 40ಕ್ಕೆ ಇಳಿದ್ರೆ ಅದೇ ದುಡ್ಡಿಗೆ 50 ಯೂನಿಟ್ (ಸ್ಟಾಂಪ್ ಡ್ಯೂಟಿ ಚಿಲ್ಲರೆ ಬಿಡು), ಸರಾಸರಿ ಸುಮಾರು 44.44ಕ್ಕೆ ಸಿಕ್ಕಂಗಾಯ್ತು. ಆದ್ರೆ ಎನ್‌ಎವಿ 10 ಇರೋ ಹೊಸ ಫಂಡ್ 'ಚೀಪ್' ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡ. 10,000ಕ್ಕೆ ಒಂದ್ಕಡೆ 1000 ಯೂನಿಟ್, ಎನ್‌ಎವಿ 400 ಇರೋ ಕಡೆ 25 ಯೂನಿಟ್, ಎರಡೂ ಶೇಕಡಾ 10 ಏರಿದ್ರೆ ಎರಡ್ರಲ್ಲೂ 11,000ನೇ.

ಡಿವಿಡೆಂಡ್ ಅಂದ್ರೆ ಕಂಪ್ನಿ ಲಾಭದಲ್ಲಿ ಶೇರುದಾರರಿಗೆ ಹಂಚೋ ಪಾಲು. 'ಶೇಕಡಾ 500 ಡಿವಿಡೆಂಡ್' ಅಂತ ನ್ಯೂಸ್ ನೋಡಿ ಬಾಯ್ ಬಿಡ್ಬೇಡ, ಅದು ಮುಖಬೆಲೆ, ಅಂದ್ರೆ ಕಂಪ್ನಿ ಶೇರಿಗೆ ಇಟ್ಟಿರೋ ಮೂಲ ಬೆಲೆ ಮೇಲಿನ ಲೆಕ್ಕ, ಮಾರ್ಕೆಟ್ ಬೆಲೆ ಮೇಲಲ್ಲ. ಮುಖಬೆಲೆ 2 ರೂಪಾಯಿ ಆದ್ರೆ ಸಿಗೋದು 10 ರೂಪಾಯಿ, ಶೇರು ಮಾರ್ಕೆಟ್ಟಲ್ಲಿ 1000ಕ್ಕೆ ಓಡ್ತಿದ್ರೆ ಅದು ಬರೀ ಶೇಕಡಾ 1. ಎಕ್ಸ್-ಡೇಟ್ ಅಂದ್ರೆ ಅವತ್ತಿಂದ ಶೇರು ಕೊಂಡೋರಿಗೆ ಆ ಡಿವಿಡೆಂಡ್ ಸಿಗಲ್ಲ ಅನ್ನೋ ದಿನ, ಅವತ್ತು ಶೇರು ಬೆಲೇನೂ ಸಾಮಾನ್ಯವಾಗಿ ಹತ್ತತ್ರ ಅಷ್ಟೇ ಇಳಿಯುತ್ತೆ, ಮೇಲಿಂದ ಟ್ಯಾಕ್ಸ್ ಬೇರೆ. ಮ್ಯೂಚುವಲ್ ಫಂಡಲ್ಲಂತೂ ಕೊಟ್ಟಷ್ಟು ಎನ್‌ಎವಿ ಇಳಿಯುತ್ತೆ, ಅಂದ್ರೆ ನಿನ್ ದುಡ್ಡೇ ನಿನಗೆ. ಅದಕ್ಕೇ ಮಾರ್ಕೆಟ್ ನಿಯಂತ್ರಿಸೋ ಸೆಬಿ, ಫಂಡ್‌ಗಳ ಡಿವಿಡೆಂಡ್ ಆಪ್ಷನ್ ಹೆಸ್ರನ್ನ 2021ರಿಂದ ಐಡಿಸಿಡಬ್ಲ್ಯೂ, ಅಂದ್ರೆ ಆದಾಯ ಹಂಚಿಕೆ ಜೊತೆಗೆ ಬಂಡವಾಳ ವಾಪಸಿ, ಅಂತ ಬದಲಾಯಿಸ್ತು. ನೀನು ಲಾಭ ಹಂಚದೆ ಫಂಡಲ್ಲೇ ಬೆಳೆಯೋಕೆ ಬಿಡೋ ಗ್ರೋತ್ ಆಪ್ಷನ್ ಒತ್ತು.

ಬುಲ್ ರನ್ ಅಂದ್ರೆ ಗೂಳಿ ಓಟ, ಮಾರ್ಕೆಟ್ ತಿಂಗಳುಗಟ್ಲೆ ಏರ್ತಾನೇ ಹೋಗೋದು. 2020ರ ಮಾರ್ಚ್ 23ಕ್ಕೆ ಸೆನ್ಸೆಕ್ಸ್ 26 ಸಾವಿರದ ಹತ್ರ ಬಿದ್ದಿತ್ತು, ಮುಂದಿನ್ ವರ್ಷ ಸೆಪ್ಟೆಂಬರ್‌ಗೆ 60 ಸಾವಿರ ದಾಟ್ತು. ಆಗ ಕಣ್ಮುಚ್ಚಿ ಯಾವ್ ಶೇರ್ ತಗೊಂಡೋರೂ ಎಕ್ಸ್‌ಪರ್ಟ್ ಆಗ್ಬಿಟ್ರು! ಉಲ್ಟಾ ಆದ್ರೆ ಬೇರ್, ಕರಡಿ. ಮೇಲಿಂದ ಶೇಕಡಾ 20 ಬಿದ್ರೆ ಹಾಗಂತಾರೆ, ಶೇಕಡಾ 10 ಬಿದ್ರೆ ಕರೆಕ್ಷನ್.

ಎಕ್ಸಿಟ್ ಲೋಡ್ ಅಂದ್ರೆ ಬೇಗ ವಾಪಸ್ ತಗೊಂಡ್ರೆ ಹಿಡ್ಕೊಳ್ಳೋ ಚಾರ್ಜ್, ಫಂಡ್ ನೋಡಿ ಬೇರೆ ಬೇರೆ ಇರುತ್ತೆ.

ಆಮೇಲೆ ನಿನ್ ಎಸ್‌ಐಪಿ ಡೇಟ್ 5 ಇದೆ, ಸಂಬಳ ಬರೋದು 7ಕ್ಕೆ ಅಲ್ವಾ? ಅಕೌಂಟಲ್ಲಿ ಬ್ಯಾಲೆನ್ಸ್ ಇಲ್ದೆ ಬೌನ್ಸ್ ಆದ್ರೆ ಬ್ಯಾಂಕ್‌ನೋರು ದಂಡ ಹಾಕ್ತಾರೆ, ಡೇಟ್ 10ಕ್ಕೆ ಮಾಡ್ಕೋ.