ವಿಷಯ: 3 ವರ್ಷದ ರಿನ್ಯೂವಲ್ ಕೋಟ್ – ರೇಟು ಕಡಿಮೆ ಮಾಡಲು ಕೋರಿಕೆ

ನಮಸ್ಕಾರ ಮೇಡಂ,

ನಿಮ್ಮ ಸಾಫ್ಟ್‌ವೇರಿನ ರಿನ್ಯೂವಲ್‌ಗೆ ನೀವು ಕಳಿಸಿದ ಕೋಟ್ ಸಿಕ್ಕಿತು. 25 ಯೂಸರ್, ಒಬ್ಬರಿಗೆ ವರ್ಷಕ್ಕೆ 13,200 ರೂಪಾಯಿ, 3 ವರ್ಷಕ್ಕೆ ಒಟ್ಟು 9,90,000, ಅದರ ಮೇಲೆ 18% ಜಿಎಸ್‌ಟಿ. ನಮ್ಮ ಪಾಲುದಾರರ ಜೊತೆ ಕೂತು ನೋಡಿದೆವು. ಈ ಮೊತ್ತಕ್ಕೆ ಒಪ್ಪಲು ಆಗುತ್ತಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಹೋದ ವರ್ಷದ ಜುಲೈನಿಂದ ಈ ಜೂನ್‌ವರೆಗಿನ ಲಾಗಿನ್ ರಿಪೋರ್ಟನ್ನು ನಿಮ್ಮ ಅಡ್ಮಿನ್ ಪೇಜಿನಿಂದಲೇ ತೆಗೆದು ಇದರ ಜೊತೆ ಕಳಿಸಿದ್ದೇನೆ. ವರ್ಷಪೂರ್ತಿ ಬಳಸುವವರು 15 ಜನ. ಇನ್ನು 6 ಲಾಗಿನ್ ಗೇಟು ಮತ್ತು ಗೋಡೌನಿನವು. ಅವು ಓಡುವುದು ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ. ಉಳಿದ 4 ಲಾಗಿನ್ ಕೆಲಸ ಬಿಟ್ಟು ಹೋದವರ ಹೆಸರಲ್ಲಿವೆ. ವರ್ಷದಲ್ಲಿ ಒಂದು ದಿನವೂ ತೆರೆದಿಲ್ಲ, ಆದರೂ ಹಣ ಕಟ್ಟಿದ್ದೇವೆ. ಅವನ್ನು ಮೊದಲೇ ತೆಗೆಸಬೇಕಿತ್ತು, ಅದು ನಮ್ಮ ಕಡೆಯ ತಪ್ಪು. ಮುಂದಿನ 3 ವರ್ಷವೂ ಅದಕ್ಕೆ ಕಟ್ಟುವುದು ಸರಿಯಲ್ಲ ಅಲ್ವಾ?

ಹಾಗಂತ ನಿಮ್ಮ ಸಾಫ್ಟ್‌ವೇರ್ ನಮಗೆ ಬೇಡ ಅಂತ ಅಲ್ಲ. ಕಾಫಿ ಕ್ಯೂರಿಂಗ್ ಕೆಲಸ ಹೇಗೆ ಅಂತ ನಿಮಗೆ ಗೊತ್ತು. ಜನವರಿಯಲ್ಲಿ ಸಂಜೆ 5ರ ಮೇಲೆ ನಮ್ಮ ಗೇಟಿನಲ್ಲಿ ಪಿಕಪ್, ಟ್ರ್ಯಾಕ್ಟರ್ ಸಾಲಾಗಿ ನಿಂತಿರುತ್ತವೆ. ಅರೇಬಿಕಾ ಪಾರ್ಚ್‌ಮೆಂಟ್ ಬರುತ್ತಿರುವಾಗಲೇ ರೊಬಸ್ಟಾ ಚೆರಿಯೂ ಶುರುವಾಗಿರುತ್ತದೆ. ತೂಕದ ಚೀಟಿ ಕೈಗೆ ಬರುವವರೆಗೂ ಬೆಳೆಗಾರರು ಅಲ್ಲಿಂದ ಕದಲುವುದಿಲ್ಲ. ಈ ಸೀಸನ್ನಿನಲ್ಲಿ ಒಂದೇ ದಿನ 212 ಚೀಟಿ ಹೊಡೆದಿದ್ದೇವೆ, ಒಂದೂ ತಪ್ಪಲಿಲ್ಲ. ಯಾರ ಲಾಟಿಗೆ ಎಷ್ಟು ಔಟ್‌ಟರ್ನ್ ಬಂತು, ಅದರಲ್ಲಿ ಎ ಗ್ರೇಡ್ ಎಷ್ಟು, ಪಿಬಿ ಎಷ್ಟು ಅಂತ ಫೋನಿನಲ್ಲಿ ಕೇಳಿದರೆ ಕೂಡಲೇ ಹೇಳುತ್ತೇವೆ. ಅವರು ನಮ್ಮನ್ನು ನಂಬುವುದು ಇದರಿಂದಲೇ.

ಆದರೆ ಬೇರೆ ದಾರಿಯನ್ನೂ ನೋಡಿದ್ದೇವೆ. ಟ್ಯಾಲಿ ನಮ್ಮ ಆಡಿಟರ್ ಹತ್ತಿರ ಈಗಾಗಲೇ ಇದೆ. ಬರೀ ಲೆಕ್ಕಕ್ಕಾದರೆ ಅದೇ ಸಾಕು. ತೂಕ, ಲಾಟು, ಔಟ್‌ಟರ್ನ್ ಎಲ್ಲ ಎಕ್ಸೆಲ್‌ನಲ್ಲಿ ಬರೆಯಬೇಕಾಗುತ್ತದೆ, ಅದು ಬೇಡ ಅಂತ ಬಿಟ್ಟೆವು. ಎರಡನೆಯದು ಇಆರ್‌ಪಿ ನೆಕ್ಸ್ಟ್. ಅದು ಓಪನ್ ಸೋರ್ಸ್ ಆದ್ದರಿಂದ ಯೂಸರ್ ಲೆಕ್ಕದಲ್ಲಿ ಲೈಸೆನ್ಸ್ ಹಣ ಇಲ್ಲ. ಹಾಸನದ ಒಬ್ಬರು ಇಲ್ಲಿಗೇ ಬಂದು, ನಮ್ಮದೇ 40 ಲಾಟಿನ ಡೇಟಾ ಹಾಕಿ ತೋರಿಸಿದರು. ಸರ್ವರ್, ಡೇಟಾ ವರ್ಗಾವಣೆ, ತರಬೇತಿ ಎಲ್ಲ ಸೇರಿ 3 ವರ್ಷಕ್ಕೆ ಅವರು ಕೇಳಿರುವುದು 4,50,000, ಜಿಎಸ್‌ಟಿ ಬೇರೆ. ಔಟ್‌ಟರ್ನ್ ರಿಪೋರ್ಟ್ ನಿಮ್ಮದರಷ್ಟು ಚೆನ್ನಾಗಿಲ್ಲ, ನಿಜ. ಆದರೆ ಕೆಲಸ ನಡೆಯುತ್ತದೆ.

ನಮ್ಮ ಕೋರಿಕೆ ಇಷ್ಟು. ಪೂರ್ಣ ವರ್ಷದ 15 ಯೂಸರ್‌ಗೆ ತಲಾ 10,500 ರೂಪಾಯಿ. ಇದು ಈಗ ಕಟ್ಟುತ್ತಿರುವ 12,000ಕ್ಕಿಂತ 1,500 ಕಡಿಮೆ. ಗೇಟು, ಗೋಡೌನಿನ 6 ಲಾಗಿನ್‌ಗೆ ಅದೇ ರೇಟಿನಲ್ಲಿ 4 ತಿಂಗಳಿಗೆ ತಲಾ 3,500. ವರ್ಷಕ್ಕೆ 1,78,500, 3 ವರ್ಷಕ್ಕೆ 5,35,500, ಜಿಎಸ್‌ಟಿ ಬೇರೆ. ಮಧ್ಯದಲ್ಲಿ ರೇಟು ಏರಿಸಬಾರದು. ಯೂಸರ್ ಜಾಸ್ತಿ ಬೇಕಾದರೂ ಇದೇ ರೇಟಿಗೆ ಕೊಡಬೇಕು.

ಇದಕ್ಕೆ ಪ್ರತಿಯಾಗಿ 3 ವರ್ಷದ ಕರಾರಿಗೆ ಸಹಿ ಹಾಕುತ್ತೇವೆ. ಈಗ ಮೂರು ತಿಂಗಳಿಗೊಮ್ಮೆ ಕಟ್ಟುತ್ತಿದ್ದೇವೆ. ಇನ್ನು ಮುಂದೆ ಪ್ರತಿ ಅಕ್ಟೋಬರ್‌ನಲ್ಲಿ ಇಡೀ ವರ್ಷದ ಹಣ ಒಟ್ಟಿಗೆ ಮುಂಗಡ ಕೊಡುತ್ತೇವೆ. ಮೂರೂ ವರ್ಷದ್ದು ಒಮ್ಮೆಲೇ ಕೊಡಿ ಅಂದರೆ ಆಗುವುದಿಲ್ಲ ಮೇಡಂ, ಸೀಸನ್ ಹತ್ತಿರ ಬಂದಂತೆ ಬೆಳೆಗಾರರಿಗೆ ಅಡ್ವಾನ್ಸ್ ಕೊಡಬೇಕು. ಈ ಮೊತ್ತ ಹಾಸನದವರ ಕೋಟ್‌ಗಿಂತ 85,500 ಜಾಸ್ತಿಯೇ ಇದೆ. ನಮ್ಮ ಹುಡುಗರಿಗೆ ನಿಮ್ಮ ಸ್ಕ್ರೀನ್ ಕಣ್ಣುಮುಚ್ಚಿಯೂ ಬರುತ್ತದೆ, 8 ವರ್ಷದ ಬೆಳೆಗಾರರ ಲೆಕ್ಕ ಅದರಲ್ಲಿದೆ. ಅದಕ್ಕೇ ಅಷ್ಟು ಜಾಸ್ತಿ ಕೊಡಲು ಪಾಲುದಾರರು ಒಪ್ಪಿದ್ದಾರೆ.

ಇನ್ನೊಂದು ಮಾತು. ಈ ಜನವರಿಯಲ್ಲಿ ಒಂದು ಭಾನುವಾರ ಸರ್ವರ್ ನಿಂತು, ಸೋಮವಾರ ಮಧ್ಯಾಹ್ನದವರೆಗೂ ಕೈಯಲ್ಲೇ ಚೀಟಿ ಬರೆದೆವು. ನಮಗೆ ಸೀಸನ್ನಿನಲ್ಲಿ ಭಾನುವಾರ ಅಂತ ಇಲ್ಲ. ಆ 4 ತಿಂಗಳು ಭಾನುವಾರವೂ ಫೋನ್ ಎತ್ತುವವರು ಒಬ್ಬರು ಇರಬೇಕು ಅಂತ ಕರಾರಿನಲ್ಲೇ ಬರೆಯಿರಿ. ನನ್ನ ಮಟ್ಟಿಗೆ ಇದು ರೇಟಿನಷ್ಟೇ ಮುಖ್ಯ.

ಈಗಿನ ಕರಾರು ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಬೇಡ ಅನ್ನುವುದಾದರೆ 45 ದಿನ ಮೊದಲು, ಅಂದರೆ ಆಗಸ್ಟ್ 16ರೊಳಗೆ ನಾವು ತಿಳಿಸಬೇಕು. ಬದಲಾಯಿಸುವುದಾದರೆ ಕೊಯ್ಲು ಶುರುವಾಗುವ ಮೊದಲೇ ಎಲ್ಲ ಮುಗಿಯಬೇಕು. ಹಾಗಾಗಿ ಆಗಸ್ಟ್ 10ರೊಳಗೆ ನಿಮ್ಮ ಉತ್ತರ ಬೇಕು. ರೇಟು ನಿಮ್ಮ ಕೈಯಲ್ಲಿಲ್ಲ ಅಂದರೆ ಈ ಇಮೇಲನ್ನು ನಿಮ್ಮ ಮ್ಯಾನೇಜರ್‌ಗೆ ಕಳಿಸಿ, ನಾನೇ ಮಾತಾಡುತ್ತೇನೆ. ಬೆಳಿಗ್ಗೆ 11ರ ಮೇಲೆ ಆಫೀಸಿನಲ್ಲೇ ಇರುತ್ತೇನೆ.

ಇಂತಿ,
ಆಫೀಸ್ ಮ್ಯಾನೇಜರ್
ಕಾಫಿ ಕ್ಯೂರಿಂಗ್ ವರ್ಕ್ಸ್, ಚಿಕ್ಕಮಗಳೂರು