ಹನ್ನೆರಡು ವಾರ ಶುರುವಾಗುವ ಮೊದಲು ನನಗೇ ಬರೆದ ಪತ್ರ

ಕಾರವಾರ
31 ಮೇ 2026, ಭಾನುವಾರ

ವೈಶಾಲಿ,

ನಾಳೆ ಜೂನ್ 1, ಸೋಮವಾರ. ತೂಕ ಇಳಿಸುವ ಕೆಲಸ ಶುರು, ಆಗಸ್ಟ್ 23ರ ಭಾನುವಾರಕ್ಕೆ ಹನ್ನೆರಡು ವಾರ ತುಂಬುತ್ತದೆ. ನಾಲ್ಕನೇ ವಾರದ ಹೊತ್ತಿಗೆ, ಹೊರಗೆ ಮಳೆ ಜಡಿಯುವಾಗ, ಯಾಕೆ ಬೇಕಿತ್ತು ಇದೆಲ್ಲ ಅಂತ ನಿನಗೆ ಅನ್ನಿಸಿಯೇ ಅನ್ನಿಸುತ್ತದೆ. ಆಗ ಓದಲಿಕ್ಕೆ ಇದು. ಅಡುಗೆಮನೆ ಕಪಾಟಿನ ಬಾಗಿಲ ಒಳಗಡೆ ಅಂಟಿಸು.

ಮೊದಲು ಕಾರಣ. ವಯಸ್ಸು 41, ಎತ್ತರ 158 ಸೆಂ.ಮೀ., ತೂಕ 74 ಕಿಲೊ, ಸೊಂಟ 94 ಸೆಂ.ಮೀ. ನಮ್ಮ ದೇಶದ ಹೆಂಗಸರಿಗೆ ಸೊಂಟ 80ರೊಳಗೆ ಇರಬೇಕು ಅನ್ನುತ್ತಾರೆ. ರಕ್ತದ ಸಕ್ಕರೆ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.1 ಬಂದಿದೆ. 5.7ರಿಂದ 6.4 ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, ಆಯಿಗೆ ಆಗಲೇ ಆ ಕಾಯಿಲೆ ಇದೆ. ಹೊಸ್ತಿಲಲ್ಲಿರುವಾಗ ಮಾಡಿದ ಕೆಲಸಕ್ಕೆ ಬೆಲೆ ಜಾಸ್ತಿ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಶೇ 7 ತೂಕ ಇಳಿಸಿ ವಾರಕ್ಕೆ 150 ನಿಮಿಷ ಮೈ ದಣಿಸುವ ಗುರಿ ಇಟ್ಟುಕೊಂಡವರಲ್ಲಿ ಸಕ್ಕರೆ ಕಾಯಿಲೆ ಶೇ 58ರಷ್ಟು ಕಡಿಮೆಯಾಯಿತು. ನಿನಗೆ ಶೇ 7 ಅಂದರೆ ಐದು ಕಿಲೊ ಚಿಲ್ಲರೆ. ಅಷ್ಟೇ ಗುರಿ. ಇನ್ನೊಂದು ಕಾರಣ ಮೊಣಕಾಲು, ಮೆಟ್ಟಿಲು ಇಳಿಯುವಾಗ ಅದೇ ನೆನಪಿಸುತ್ತದೆ. ಯಾರದೋ ಮದುವೆ ಫೋಟೊಕ್ಕಾಗಿ ಇದನ್ನು ಮಾಡುತ್ತಿಲ್ಲ. ಮದುವೆ ಮುಗಿದ ಮಾರನೇ ದಿನ ಅಂಥ ಕಾರಣವೂ ಮುಗಿಯುತ್ತದೆ.

ಲೆಕ್ಕ ಹೀಗೆ. ಈಗಿನ ಓಡಾಟಕ್ಕೆ ನಿನ್ನ ಮೈ ದಿನಕ್ಕೆ ಸುಮಾರು 1,840 ಕ್ಯಾಲರಿ ಸುಡುತ್ತದೆ. ತಿನ್ನುವುದು 1,400. ದಿನಕ್ಕೆ 440 ಕಡಿಮೆ, 84 ದಿನಕ್ಕೆ ಸುಮಾರು 37,000. ಒಂದು ಕಿಲೊ ಕೊಬ್ಬಿಗೆ 7,700 ಹಿಡಿದರೆ ಹತ್ತಿರ ಹತ್ತಿರ ಐದು ಕಿಲೊ. ಮೊದಲ ವಾರ ಒಂದೂವರೆ ಕಿಲೊ ಇಳಿದರೆ ಹಿಗ್ಗಬೇಡ, ಅದರಲ್ಲಿ ಬಹುಪಾಲು ನೀರು. ಮೂರನೇ ವಾರದಿಂದ ವಾರಕ್ಕೆ ಒಂದು ಕಿಲೊ ಮೀರಿ ಇಳಿಯುತ್ತಿದ್ದರೆ ಊಟ ಹೆಚ್ಚಿಸು. ಅವಸರಕ್ಕೆ ಇಳಿಸಿದವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವುದುಂಟು, ಸ್ನಾಯು ಕರಗುತ್ತದೆ, ಕೂದಲೂ ಉದುರುತ್ತದೆ. 1,200ಕ್ಕಿಂತ ಕೆಳಗೆ ಯಾವ ದಿನವೂ ಹೋಗಕೂಡದು.

ಅನ್ನವನ್ನು ಬೈಯಬೇಡ. ನಮ್ಮ ಅಡುಗೆಯಲ್ಲಿ ಕ್ಯಾಲರಿ ಅಡಗಿ ಕೂರುವುದು ಎಣ್ಣೆಯಲ್ಲಿ, ತೆಂಗಿನಕಾಯಿಯಲ್ಲಿ, ಚಹಾದ ಸಕ್ಕರೆಯಲ್ಲಿ. ಅವು ಬಟ್ಟಲಲ್ಲಿ ಬೇರೆಯಾಗಿ ಕಾಣುವುದಿಲ್ಲ, ಅದಕ್ಕೇ ಯಾರೂ ಲೆಕ್ಕ ಹಿಡಿಯುವುದಿಲ್ಲ. ಎಣ್ಣೆ ನಿನ್ನ ಪಾಲಿಗೆ ದಿನಕ್ಕೆ ಮೂರು ಟೀ ಚಮಚ, 15 ಮಿ.ಲೀ., ಸುಮಾರು 125 ಕ್ಯಾಲರಿ. ಮನೆಯಲ್ಲಿ ನಾಲ್ಕು ಜನ. ವಾರಕ್ಕೆ 420 ಮಿ.ಲೀ. ಅಳೆದು ಒಂದು ಬಾಟಲಿಗೆ ತುಂಬಿಡು. ಗುರುವಾರವೇ ಖಾಲಿಯಾದರೆ ತಪ್ಪು ಎಲ್ಲಿ ಅಂತ ಬಾಟಲಿಯೇ ಹೇಳುತ್ತದೆ. ಕಾಯಿತುರಿ ನಿನ್ನ ಪಾಲು 25 ಗ್ರಾಂ, 90 ಕ್ಯಾಲರಿ. ಮಸಾಲೆ ರುಬ್ಬುವಾಗ ಕಾಯಿ ಅರ್ಧ ಮಾಡಿ, ಕೊತ್ತಂಬರಿ ಬೀಜ, ಈರುಳ್ಳಿ ಹೆಚ್ಚಿಸಿದರೆ ಸಾರು ನೀರಾಗುವುದಿಲ್ಲ. ಸೋಲ್ ಕಡಿಗೆ ಕಾಯಿಹಾಲು ಬಿಟ್ಟು ಬರೀ ಬಿರಂಡೆ ನೀರು, ಜೀರಿಗೆ, ಉಪ್ಪು. ಮೊದಲ ಎರಡು ದಿನ ಸಪ್ಪೆ ಅನ್ನಿಸುತ್ತದೆ.

ಕುಚಲಕ್ಕಿ ಊಟಕ್ಕೆ 45 ಗ್ರಾಂ, ಬೇಯಿಸುವ ಮೊದಲೇ ತೂಗಿದ್ದು. ಬೆಂದ ಮೇಲೆ ತೂಗಿದರೆ ಲೆಕ್ಕ ಕೆಡುತ್ತದೆ. ಗಂಜಿ ಬಸಿದದ್ದು ಹೆಚ್ಚುಕಮ್ಮಿಯಾದರೆ ಅದೇ ಅಕ್ಕಿಯ ಅನ್ನ ಒಂದು ದಿನ ಹಗುರ, ಒಂದು ದಿನ ಭಾರ. ಚಹಾ ದಿನಕ್ಕೆ ಎರಡೇ, ಅರ್ಧ ಚಮಚ ಸಕ್ಕರೆ. ಈಗ ನಾಲ್ಕು ಕಪ್ಪಿಗೆ ಎರಡೆರಡು ಚಮಚದಂತೆ ಸಕ್ಕರೆಯೊಂದೇ 160 ಕ್ಯಾಲರಿ ಹತ್ತಿರ ಆಗುತ್ತಿದೆ. ಶಿರಸಿಯಿಂದ ಬಂದ ಜೋನಿ ಬೆಲ್ಲ ಸಕ್ಕರೆಗಿಂತ ಒಳ್ಳೆಯದು ಅಂತ ಯಾರಾದರೂ ಅಂದರೆ ತಲೆ ಆಡಿಸು, ಆದರೆ ಕಷಾಯಕ್ಕೆ ಹಾಕಬೇಡ. ರಕ್ತದ ಸಕ್ಕರೆಗೆ ಎರಡೂ ಒಂದೇ.

ಪ್ರೋಟೀನು ದಿನಕ್ಕೆ 80 ಗ್ರಾಂ. ಇದು ಸಿಕ್ಕದಿದ್ದರೆ ಸಂಜೆ ಐದಕ್ಕೆ ಕೈ ಚೂಡದ ಡಬ್ಬಿಗೆ ಹೋಗುತ್ತದೆ. ಬೆಳಿಗ್ಗೆ ಎರಡು ಮೊಟ್ಟೆ 12, ಮಧ್ಯಾಹ್ನ 150 ಗ್ರಾಂ ಮೀನು 28, ಹೆಸರುಕಾಳು ಒಣ ತೂಕ 40 ಗ್ರಾಂಗೆ 10, ಮೊಸರು 200 ಗ್ರಾಂಗೆ 7, ಸೋಯಾ ತುಂಡು 30 ಗ್ರಾಂಗೆ 15, ಉಳಿದದ್ದು ಅನ್ನ, ತರಕಾರಿಯಿಂದ. ತೊಂದರೆ ಏನೆಂದರೆ ನಾಳೆಯಿಂದಲೇ ಟ್ರಾಲರ್‌ಗಳಿಗೆ 61 ದಿನದ ನಿಷೇಧ, ಜುಲೈ 31ರವರೆಗೆ. ನಾಡದೋಣಿಯ ಮೀನು ಸಿಕ್ಕರೂ ಬೆಲೆ ಕೇಳಿ ಹಿಂದೆ ಬರಬೇಕು. ಆ ಎರಡು ತಿಂಗಳು ಮೀನಿಲ್ಲದ ದಿನ ಇನ್ನೆರಡು ಮೊಟ್ಟೆ, ಇನ್ನು 30 ಗ್ರಾಂ ಸೋಯಾ. ಒಣಮೀನು ತಿನ್ನಬಹುದು, ಆದರೆ ಅದರ ಉಪ್ಪಿಗೆ ಮೈ ನೀರು ಹಿಡಿದು ಮಾರನೇ ದಿನ ತೂಕ ಏರುತ್ತದೆ. ಹೆದರಿ ಊಟ ಬಿಡಬೇಡ. ಆಗಸ್ಟಿನಲ್ಲಿ ಬಂಗುಡೆ ಬರುವಷ್ಟರಲ್ಲಿ 13ಕ್ಕೆ ಶ್ರಾವಣ ಶುರು, ಮನೆಯಲ್ಲಿ ಮೀನು ಬಂದ್. ನಮ್ಮ ಪಂಚಾಂಗಕ್ಕೂ ಬಂದರಿಗೂ ಹೊಂದಾಣಿಕೆಯೇ ಇಲ್ಲ.

ಮೀನು ಬಂದಾಗ ರವೆ ಫ್ರೈ ಹದಿನೈದು ದಿನಕ್ಕೊಮ್ಮೆ. ರವೆ ಎಣ್ಣೆ ಕುಡಿಯುತ್ತದೆ. ಉಳಿದ ದಿನ ಬಂಗುಡೆಗೆ ಎರಡೂ ಬದಿ ಗೀರು ಹಾಕಿ ಮೆಣಸು, ಹುಳಿ, ಅರಿಶಿನ ಸವರಿ ಅರ್ಧ ಗಂಟೆ ಬಿಟ್ಟು, ಚೆನ್ನಾಗಿ ಕಾದ ಕಾವಲಿಗೆ ಒಂದು ಚಮಚ ಎಣ್ಣೆ ಸವರಿ ಬೇಯಿಸು. ಕಾವಲಿ ಕಾಯದಿದ್ದರೆ ಚರ್ಮ ಅಂಟುತ್ತದೆ, ಅಂಟಿತು ಅಂತ ಮತ್ತೆ ಎಣ್ಣೆ ಹೊಯ್ಯುತ್ತೀ. ಮಗುಚುವ ಮೊದಲು ನಾಲ್ಕು ನಿಮಿಷ ಮುಟ್ಟಬೇಡ.

ನಡಿಗೆ ವಾರಕ್ಕೆ ಐದು ದಿನ, 30 ನಿಮಿಷ, ಮಾತಾಡಬಹುದು ಆದರೆ ಹಾಡಲಿಕ್ಕಾಗದು ಅನ್ನುವ ವೇಗ. ಮಳೆ ಬಿಟ್ಟಾಗ ಕೋಡಿಬಾಗದ ರಸ್ತೆ ಅಥವಾ ಟ್ಯಾಗೋರ್ ಬೀಚ್. ಬಿಡದಿದ್ದರೆ ಜಗಲಿಯಲ್ಲೇ ಹತ್ತು ನಿಮಿಷದಂತೆ ಮೂರು ಸಲ. ಹಾವಸೆ ಹಿಡಿದ ಅಂಗಳದಲ್ಲಿ ಬೇಡ, ಕಾಲು ಉಳುಕಿದರೆ ಮೂರು ವಾರ ಹೋದಂತೆ. ಸೋಮ, ಬುಧ, ಶುಕ್ರ ಸಂಜೆ: ಕುರ್ಚಿಯಿಂದ ಎದ್ದು ಕೂರುವುದು 10, ಗೋಡೆಗೆ ಕೈಕೊಟ್ಟು ಪುಷ್‌ಅಪ್ 10, ಐದು ಕಿಲೊ ಅಕ್ಕಿ ಚೀಲ ಸೊಂಟದವರೆಗೆ ಎಳೆಯುವುದು ಕೈಗೆ 10, ಮೂರು ಸುತ್ತು. 15 ಸಲೀಸಾದರೆ ಭಾರ ಹೆಚ್ಚಿಸು. ನಡೆದೆ ಅಂತ ಊಟ ಹೆಚ್ಚಿಸುವಂತಿಲ್ಲ.

ತೂಕ ದಿನಾ ಬೆಳಿಗ್ಗೆ, ಶೌಚ ಮುಗಿದ ಮೇಲೆ, ಚಹಾಕ್ಕೆ ಮೊದಲು, ಟೈಲ್ಸ್ ನೆಲದ ಮೇಲೆ. ನೋಡುವುದು ಮಾತ್ರ ಏಳು ದಿನದ ಸರಾಸರಿ. ಮುಟ್ಟಿಗೆ ಮೊದಲಿನ ವಾರ ಒಂದೆರಡು ಕಿಲೊ ನೀರು ಸೇರುವುದುಂಟು. ಆ ವಾರವನ್ನು ಹಿಂದಿನ ತಿಂಗಳ ಅದೇ ವಾರಕ್ಕೆ ಹೋಲಿಸು. ಸೊಂಟ ಭಾನುವಾರ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು. ಶನಿವಾರಕ್ಕೊಮ್ಮೆ ಹಳೇ ಚೂಡಿದಾರ ಹಾಕಿ ನೋಡು. ನೈಟಿಯಲ್ಲಿ ಏನೂ ಗೊತ್ತಾಗುವುದಿಲ್ಲ.

ಮೂರು ವಾರ ಸರಾಸರಿ ಕದಲದಿದ್ದರೆ ಮೊದಲು ಎಣ್ಣೆ ಬಾಟಲಿ, ಕಾಯಿತುರಿ, ಅಡುಗೆ ಮಾಡುತ್ತ ಬಾಯಿಗೆ ಹಾಕಿದ್ದು, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು, ಇಷ್ಟನ್ನು ನಾಲ್ಕು ದಿನ ಬರೆದಿಡು. ಆಮೇಲೂ ಹಾಗೇ ಇದ್ದರೆ 100 ಕ್ಯಾಲರಿ ಇಳಿಸು, ಅನ್ನದಲ್ಲಿ ಅರ್ಧ, ಎಣ್ಣೆಯಲ್ಲಿ ಅರ್ಧ.

ಏಕಾದಶಿಯ ಸಾಬುದಾಣಿ ಖಿಚಡಿ ಉಪವಾಸವಲ್ಲ, ಶೇಂಗಾ ಸೇರಿ ಊಟಕ್ಕಿಂತ ಭಾರ. ಹಲಸಿನ ಹಪ್ಪಳ ಕೆಂಡದಲ್ಲಿ ಸುಟ್ಟರೆ ಎರಡು ತಿನ್ನು, ಕರಿದದ್ದು ಬೇಡ. ನಾಗರಪಂಚಮಿಯ ಅರಿಶಿನ ಎಲೆ ಕಡುಬು ಎರಡು, ಕೂತು, ನಿಧಾನಕ್ಕೆ, ಲೆಕ್ಕಕ್ಕೆ ಬರೆದು. ಒಂದು ಊಟ ಜಾಸ್ತಿಯಾದರೆ ಮುಂದಿನ ಊಟ ಎಂದಿನಂತೆ. ಬಿಡುವುದೂ ಇಲ್ಲ, ಇಮ್ಮಡಿ ನಡೆಯುವುದೂ ಇಲ್ಲ. ತಲೆಸುತ್ತು ನಿಲ್ಲದಿದ್ದರೆ, ಮುಟ್ಟು ತಪ್ಪಿದರೆ ಯೋಜನೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗು.

ಆಗಸ್ಟ್ 24ಕ್ಕೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರಕ್ತ ಪರೀಕ್ಷೆ: ಎಚ್‌ಬಿಎ1ಸಿ, ಫಾಸ್ಟಿಂಗ್ ಶುಗರ್, ಲಿಪಿಡ್. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸುವುದರಿಂದ ಅದಕ್ಕಿಂತ ಮೊದಲು ಮಾಡಿಸಿ ದುಡ್ಡು ಕಳೆಯಬೇಡ. ಇವತ್ತು ಮಲಗುವ ಮೊದಲು ಹೆಸರುಕಾಳು ನೆನೆಹಾಕು, ತಕ್ಕಡಿಗೆ ಹೊಸ ಸೆಲ್ ಹಾಕು.

ಇಂತಿ,
ವೈಶಾಲಿ