ಪ್ರಕಟಣಾ ಒಪ್ಪಂದದ ಕರಡು: ಲೇಖಕರಿಗೆ ಸಾರಾಂಶ

ಮಾನ್ಯರೇ,

ತಮ್ಮ ಹೊಸ ಕಾದಂಬರಿಯ ಪ್ರಕಟಣೆಗಾಗಿ ಪ್ರಕಾಶಕರು ಕಳುಹಿಸಿರುವ 18 ಕಲಮುಗಳ ಕರಡನ್ನು ಪೂರ್ತಿ ಓದಿ ಈ ಸಾರಾಂಶವನ್ನು ಸಿದ್ಧಪಡಿಸಿದ್ದೇನೆ. ಕರಡು ಒಟ್ಟಿನಲ್ಲಿ ಅನ್ಯಾಯದ್ದೇನಲ್ಲ. ರಾಯಲ್ಟಿಯ ದರಗಳೂ ಮುಂಗಡದ ಮೊತ್ತವೂ ಒಪ್ಪಬಹುದಾದಂತಿವೆ. ಆದರೆ ಹಕ್ಕು ನೀಡುವ ಕಲಂ 3 ಮತ್ತು 4, ಮುಂಗಡದ ವಸೂಲಿಯನ್ನು ಹೇಳುವ ಕಲಂ 9 ಹಾಗೂ ಹಕ್ಕು ಮರಳುವ ಕಲಂ 14 ಇವುಗಳನ್ನು ಬೇರೆಬೇರೆಯಾಗಿ ಓದಿದಾಗ ಕಾಣದ ತೊಡಕೊಂದು ಒಟ್ಟಿಗೆ ಓದಿದಾಗ ಕಾಣುತ್ತದೆ. ಪುಸ್ತಕದ ಮಾರಾಟ ನಿಂತುಹೋದ ಮೇಲೂ ಹಕ್ಕುಗಳು ತಮ್ಮ ಕೈಗೆ ಸುಲಭವಾಗಿ ಮರಳಲಾರವು. ಸಹಿ ಮಾಡುವ ಮುನ್ನ ಚರ್ಚಿಸಬೇಕಾದ ಮುಖ್ಯ ವಿಷಯ ಇದೇ.

ನೀಡಲಾಗುವ ಹಕ್ಕುಗಳು

ಕಲಂ 3ರ ಪ್ರಕಾರ ಕಾದಂಬರಿಯನ್ನು ಕನ್ನಡದಲ್ಲಿ ಮುದ್ರಿತ ಪುಸ್ತಕ, ಇ-ಪುಸ್ತಕ ಮತ್ತು ಆಡಿಯೊ ಪುಸ್ತಕದ ರೂಪದಲ್ಲಿ ಪ್ರಕಟಿಸುವ ಅನನ್ಯ ಪರವಾನಗಿಯನ್ನು ತಾವು ಪ್ರಕಾಶಕರಿಗೆ ನೀಡುತ್ತೀರಿ. ಇದರ ವ್ಯಾಪ್ತಿ ಇಡೀ ಜಗತ್ತು. ಅವಧಿ ಮೊದಲ ಪ್ರಕಟಣೆಯ ದಿನದಿಂದ 10 ವರ್ಷ. ಅವಧಿ ಮುಗಿಯುವ 6 ತಿಂಗಳು ಮೊದಲು ಯಾರೊಬ್ಬರೂ ಲಿಖಿತವಾಗಿ ಬೇಡವೆನ್ನದಿದ್ದರೆ ಅದು ತಾನಾಗಿಯೇ ಇನ್ನೂ 5 ವರ್ಷ ಮುಂದುವರಿಯುತ್ತದೆ. ಈ ಸ್ವಯಂ ನವೀಕರಣದ ಬದಲು ಇಬ್ಬರ ಲಿಖಿತ ಒಪ್ಪಿಗೆಯಿಂದ ಮಾತ್ರ ಅವಧಿ ವಿಸ್ತರಣೆಯಾಗಲಿ ಎಂದು ಕೇಳುವುದು ಒಳ್ಳೆಯದು. ಹತ್ತು ವರ್ಷಗಳ ನಂತರದ ಒಂದು ದಿನಾಂಕವನ್ನು ನೆನಪಿಟ್ಟುಕೊಳ್ಳುವ ಹೊಣೆ ಲೇಖಕರ ಮೇಲೆ ಬೀಳಬಾರದು.

ಕೃತಿಸ್ವಾಮ್ಯ ಲೇಖಕರದೇ ಎಂದು ಕಲಂ 3 ಸ್ಪಷ್ಟವಾಗಿ ಹೇಳುತ್ತದೆ. ಆದರೆ ಕಲಂ 4ರ ಮೊದಲ ವಾಕ್ಯದಲ್ಲಿ ‘ಲೇಖಕರು ಮೇಲ್ಕಂಡ ಹಕ್ಕುಗಳನ್ನು ಪ್ರಕಾಶಕರಿಗೆ ವರ್ಗಾಯಿಸಿದ್ದಾರೆ’ ಎಂದಿದೆ. ಪರವಾನಗಿಯಲ್ಲಿ ಒಡೆತನ ತಮ್ಮಲ್ಲಿ ಉಳಿದು ಬಳಸುವ ಅನುಮತಿ ಮಾತ್ರ ಅವರಿಗೆ ಸಿಗುತ್ತದೆ. ವರ್ಗಾವಣೆಯಲ್ಲಿ ವರ್ಗಾಯಿಸಿದ ಹಕ್ಕುಗಳ ಮಟ್ಟಿಗೆ ಒಡೆತನವೇ ಅವರದಾಗುತ್ತದೆ. ಒಂದೇ ಒಪ್ಪಂದದಲ್ಲಿ ಎರಡೂ ಇರುವುದು ಬಹುಶಃ ಹಳೆಯ ನಮೂನೆಯಿಂದ ಸಾಲೊಂದು ಉಳಿದುಬಂದದ್ದರಿಂದ ಇರಬಹುದು, ಆದರೂ ವ್ಯಾಜ್ಯ ಬಂದಾಗ ಆ ಸಾಲು ಯಾರ ಪರವಾಗಿಯೂ ನಿಲ್ಲಬಹುದು. ‘ವರ್ಗಾಯಿಸಿದ್ದಾರೆ’ ಎಂಬುದರ ಬದಲು ‘ಪರವಾನಗಿ ನೀಡಿದ್ದಾರೆ’ ಎಂದು ತಿದ್ದಿಸಬೇಕು.

ಅದೇ ಕಲಮಿನ ಎರಡನೆಯ ಉಪಕಲಂ ‘ಮುಂದೆ ಆವಿಷ್ಕಾರಗೊಳ್ಳಬಹುದಾದ ಎಲ್ಲ ಮಾಧ್ಯಮಗಳಿಗೂ’ ಈ ಹಕ್ಕುಗಳು ಅನ್ವಯಿಸುತ್ತವೆ ಎನ್ನುತ್ತದೆ. ಭಾರತದ ಕೃತಿಸ್ವಾಮ್ಯ ಕಾಯ್ದೆ, 1957ಕ್ಕೆ 2012ರಲ್ಲಿ ಆದ ತಿದ್ದುಪಡಿಯಂತೆ, ವರ್ಗಾವಣೆಯ ಕಾಲಕ್ಕೆ ಅಸ್ತಿತ್ವದಲ್ಲಿಲ್ಲದ ಅಥವಾ ವಾಣಿಜ್ಯ ಬಳಕೆಯಲ್ಲಿಲ್ಲದ ಮಾಧ್ಯಮಕ್ಕೆ, ಅದನ್ನು ನಿರ್ದಿಷ್ಟವಾಗಿ ಉಲ್ಲೇಖಿಸದ ಹೊರತು, ವರ್ಗಾವಣೆ ಅನ್ವಯಿಸದು. ಹಾಗಾಗಿ ಇಷ್ಟು ವಿಶಾಲವಾದ ಮಾತು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಆದರೂ ಕರಡಿನಿಂದ ತೆಗೆಸಿಬಿಡುವುದೇ ಕ್ಷೇಮ.

ಮೂರನೆಯ ಉಪಕಲಂ ನೋಡಲು ಚಿಕ್ಕದು, ಪರಿಣಾಮದಲ್ಲಿ ದೊಡ್ಡದು. ಕಾಯ್ದೆಯ 19(4)ನೆಯ ಪ್ರಕರಣದಂತೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಒಂದು ವರ್ಷದೊಳಗೆ ಬಳಸದ ಹಕ್ಕುಗಳ ವರ್ಗಾವಣೆ ರದ್ದಾದಂತೆ ಪರಿಗಣಿಸಲಾಗುತ್ತದೆ; ಈ ರಕ್ಷಣೆ 30ಎ ಪ್ರಕರಣದ ಮೂಲಕ ಪರವಾನಗಿಗಳಿಗೂ ವಿಸ್ತರಿಸುತ್ತದೆ. ಕರಡಿನ ಉಪಕಲಂ ಈ ರಕ್ಷಣೆ ತಮಗೆ ಅನ್ವಯಿಸದು ಎಂದು ‘ಬೇರೆ ರೀತಿ’ ಹೇಳುತ್ತದೆ. ಮುದ್ರಿತ ಪುಸ್ತಕಕ್ಕೆ ಒಂದು ವರ್ಷ ಸಾಲದು ಎಂಬ ಪ್ರಕಾಶಕರ ವಾದವನ್ನು ಒಪ್ಪಬಹುದು. ಆದರೆ ಇದೇ ಸಾಲಿನ ಬಲದಿಂದ ಅವರು ಆಡಿಯೊ ಹಕ್ಕನ್ನು ಹತ್ತು ವರ್ಷವೂ ಬಳಸದೆ ಇಟ್ಟುಕೊಳ್ಳಬಹುದು. ಮುದ್ರಿತ ಆವೃತ್ತಿ ಬಂದ 24 ತಿಂಗಳೊಳಗೆ ಆಡಿಯೊ ಅಥವಾ ಇ-ಪುಸ್ತಕ ಹೊರಬಾರದಿದ್ದರೆ ಆಯಾ ಹಕ್ಕು ತಾನಾಗಿಯೇ ಮರಳುತ್ತದೆ ಎಂಬ ವಾಕ್ಯವನ್ನು ಸೇರಿಸಲು ಕೋರಿ.

ಅನುವಾದದ ಹಕ್ಕನ್ನು ಮೂರನೆಯವರಿಗೆ ಕೊಡುವ ಅಧಿಕಾರ ಪ್ರಕಾಶಕರದು, ಬಂದ ಹಣದಲ್ಲಿ ಅರ್ಧ ತಮ್ಮದು. ಅನುವಾದಕರ ಆಯ್ಕೆಗೆ ತಮ್ಮ ಒಪ್ಪಿಗೆ ಬೇಕೆಂದು ಕರಡಿನಲ್ಲಿ ಇಲ್ಲ; ಇರಬೇಕು. ಚಲನಚಿತ್ರ, ಧಾರಾವಾಹಿ ಮತ್ತು ರಂಗರೂಪದ ಹಕ್ಕುಗಳು ಸಂಪೂರ್ಣವಾಗಿ ತಮ್ಮಲ್ಲೇ ಉಳಿದಿವೆ.

ರಾಯಲ್ಟಿ

ಮುದ್ರಿತ ಪ್ರತಿಗಳಿಗೆ ಮೊದಲ 3,000 ಪ್ರತಿಗಳವರೆಗೆ ಮುಖಬೆಲೆಯ ಶೇಕಡಾ 10, ಅನಂತರ ಶೇಕಡಾ 12.5. ಇ-ಪುಸ್ತಕಕ್ಕೆ ಪ್ರಕಾಶಕರ ನಿವ್ವಳ ಆದಾಯದ ಶೇಕಡಾ 25, ಅವರೇ ತಯಾರಿಸುವ ಆಡಿಯೊ ಪುಸ್ತಕಕ್ಕೆ ಶೇಕಡಾ 20. ಮುಖಬೆಲೆ ಎಲ್ಲರಿಗೂ ಕಾಣುವ ಅಂಕಿ. ನಿವ್ವಳ ಆದಾಯವಾದರೋ ಪ್ರಕಾಶಕರ ಲೆಕ್ಕದ ಪುಸ್ತಕದೊಳಗಿನ ಅಂಕಿ. ಆದ್ದರಿಂದ ಮಾರಾಟಗಾರರ ಕಮಿಷನ್ ಮತ್ತು ತೆರಿಗೆಯನ್ನು ಬಿಟ್ಟು ಬೇರಾವ ವೆಚ್ಚವನ್ನೂ ಅದರಿಂದ ಕಳೆಯಬಾರದೆಂದು ವ್ಯಾಖ್ಯಾನದಲ್ಲಿ ಬರೆಸಬೇಕು.

ನಿಜವಾದ ಸಮಸ್ಯೆ ಇರುವುದು ಕಲಂ 7(3)ರಲ್ಲಿ. ಶೇಕಡಾ 50 ಅಥವಾ ಅದಕ್ಕಿಂತ ಹೆಚ್ಚಿನ ರಿಯಾಯಿತಿಯಲ್ಲಿ ಮಾರಿದ ಪ್ರತಿಗಳಿಗೆ ರಾಯಲ್ಟಿಯನ್ನು ಮುಖಬೆಲೆಯ ಮೇಲಲ್ಲ, ನಿವ್ವಳ ಆದಾಯದ ಶೇಕಡಾ 10ರಂತೆ ಲೆಕ್ಕ ಹಾಕಲಾಗುತ್ತದೆ. ಪುಸ್ತಕದ ಮುಖಬೆಲೆ ₹300 ಎಂದುಕೊಳ್ಳೋಣ. ಶೇಕಡಾ 49 ರಿಯಾಯಿತಿಯಲ್ಲಿ ಮಾರಿದರೆ ಪ್ರಕಾಶಕರಿಗೆ ₹153 ಬರುತ್ತದೆ, ತಮಗೆ ₹30 ಕೊಟ್ಟು ಅವರಲ್ಲಿ ₹123 ಉಳಿಯುತ್ತದೆ. ಶೇಕಡಾ 50ಕ್ಕೆ ಮಾರಿದರೆ ಬರುವುದು ₹150, ತಮಗೆ ಕೊಡಬೇಕಾದದ್ದು ₹15, ಅವರಲ್ಲಿ ಉಳಿಯುವುದು ₹135. ಅಂದರೆ ಇನ್ನೊಂದು ಶೇಕಡಾ ಹೆಚ್ಚು ರಿಯಾಯಿತಿ ಕೊಟ್ಟಾಗ ಪ್ರಕಾಶಕರಿಗೆ ಲಾಭ ಹೆಚ್ಚುತ್ತದೆ, ತಮ್ಮ ಪಾಲು ಅರ್ಧಕ್ಕೆ ಇಳಿಯುತ್ತದೆ. ಸಾಲದ್ದಕ್ಕೆ ಹೀಗೆ ಮಾರಿದ ಪ್ರತಿಗಳು 3,000ದ ಮಿತಿಯ ಎಣಿಕೆಗೂ ಸೇರುವುದಿಲ್ಲ. ಇದನ್ನು ಸರಿಪಡಿಸಲು ಒಂದು ದಾರಿ, ರಿಯಾಯಿತಿಯ ಮಿತಿಯನ್ನು ಶೇಕಡಾ 60ಕ್ಕೆ ಏರಿಸುವುದು. ಇನ್ನೊಂದು, ಮಿತಿ ದಾಟಿದ ಮೇಲೂ ನಿವ್ವಳ ಆದಾಯದ ಶೇಕಡಾ 18 ಕೊಡುವುದು. ಎರಡನೆಯದು ನನಗೆ ಹೆಚ್ಚು ಸಮಂಜಸವೆನಿಸುತ್ತದೆ, ಏಕೆಂದರೆ ₹150ರ ಮೇಲೆ ಅದು ₹27 ಆಗುವುದರಿಂದ ಪಾಲು ಒಮ್ಮೆಲೇ ಕುಸಿಯುವುದಿಲ್ಲ. ಯಾವ ದಾರಿ ಒಪ್ಪಿತವಾದರೂ ಆ ಪ್ರತಿಗಳು ಎಣಿಕೆಗೆ ಸೇರಲೇಬೇಕು.

ಲೆಕ್ಕಪತ್ರ ವರ್ಷಕ್ಕೊಮ್ಮೆ, ಮಾರ್ಚ್ 31ರವರೆಗಿನದು. ಅದನ್ನು 90 ದಿನಗಳೊಳಗೆ ಕಳುಹಿಸಿ, ಮುಂದಿನ 30 ದಿನಗಳಲ್ಲಿ ಹಣ ಪಾವತಿಸಬೇಕು. ಅಂಗಡಿಗಳಿಂದ ಹಿಂದಿರುಗಬಹುದಾದ ಪ್ರತಿಗಳಿಗಾಗಿ ಮುದ್ರಿತ ಪುಸ್ತಕದ ರಾಯಲ್ಟಿಯಲ್ಲಿ ಶೇಕಡಾ 20ರವರೆಗೆ ತಡೆಹಿಡಿಯಬಹುದು. ತಡೆಹಿಡಿಯುವುದು ವಾಡಿಕೆಯೇ, ಆದರೆ ಬಿಡುಗಡೆಗೆ ಕರಡಿನಲ್ಲಿ ಗಡುವಿಲ್ಲ. ಮುಂದಿನ ವರ್ಷದ ಲೆಕ್ಕದಲ್ಲಿಯೇ ಬಿಡುಗಡೆಯಾಗಬೇಕು ಎಂದು ಸೇರಿಸಿದರೆ ಸಾಕು. ಲೆಕ್ಕ ಪರಿಶೀಲಿಸುವ ಹಕ್ಕು ತಮಗಿದೆ, ಶೇಕಡಾ 5ಕ್ಕಿಂತ ಹೆಚ್ಚಿನ ಕೊರತೆ ಕಂಡುಬಂದರೆ ಪರಿಶೀಲನೆಯ ವೆಚ್ಚವೂ ಪ್ರಕಾಶಕರದೇ. ಈ ಕಲಮನ್ನು ಹಾಗೆಯೇ ಉಳಿಸಿಕೊಳ್ಳಿ.

ಮುಂಗಡ ಮತ್ತು ಅದರ ವಸೂಲಿ

ಮುಂಗಡ ₹60,000. ಸಹಿಯಾದಾಗ, ಹಸ್ತಪ್ರತಿ ಒಪ್ಪಿತವಾದಾಗ, ಪುಸ್ತಕ ಹೊರಬಂದಾಗ ತಲಾ ₹20,000ದಂತೆ ಮೂರು ಕಂತು. ಇದು ರಾಯಲ್ಟಿಯ ಹೊರತಾದ ಸಂಭಾವನೆಯಲ್ಲ. ಮುಂದೆ ಬರಬೇಕಾದ ರಾಯಲ್ಟಿಯನ್ನೇ ಮೊದಲೇ ಕೊಟ್ಟದ್ದು. ಅಷ್ಟು ಮೊತ್ತ ತಮ್ಮ ಲೆಕ್ಕಕ್ಕೆ ಜಮೆಯಾಗುವವರೆಗೆ ಬೇರೆ ಹಣ ಬರುವುದಿಲ್ಲ. ₹300ರ ಮುಖಬೆಲೆಗೆ ಪೂರ್ಣ ದರದಲ್ಲಿ 2,000 ಪ್ರತಿ ಮಾರಾಟವಾದರೆ ಮುಂಗಡ ತೀರುತ್ತದೆ. ಎಲ್ಲವೂ ಅರ್ಧ ರಿಯಾಯಿತಿಯಲ್ಲಿ ಹೋದರೆ 4,000 ಪ್ರತಿ ಬೇಕಾಗುತ್ತದೆ.

ಮೊದಲ ವರ್ಷ ಪೂರ್ಣ ದರದಲ್ಲಿ 1,400 ಪ್ರತಿ ಮಾರಾಟವಾಗಿ ಇ-ಪುಸ್ತಕದಿಂದ ತಮ್ಮ ಪಾಲಿಗೆ ₹3,000 ಬಂದಿತೆಂದು ಊಹಿಸಿ. ಮುದ್ರಿತ ಪ್ರತಿಗಳ ರಾಯಲ್ಟಿ ₹42,000. ಅದರಲ್ಲಿ ₹8,400 ತಡೆಹಿಡಿದರೆ ಉಳಿದ ₹33,600 ಮತ್ತು ₹3,000 ಸೇರಿ ₹36,600 ಜಮೆಯಾಗುತ್ತದೆ. ವಸೂಲಿಯಾಗದ ಬಾಕಿ ₹23,400. ಅದೇ ವರ್ಷ ಅನುವಾದದ ಹಕ್ಕು ₹40,000ಕ್ಕೆ ಮಾರಾಟವಾದರೂ ತಮ್ಮ ಪಾಲಿನ ₹20,000 ಕೈಗೆ ಬಾರದೆ ಈ ಬಾಕಿಗೇ ಹೋಗುತ್ತದೆ, ಏಕೆಂದರೆ ಎಲ್ಲ ಮೂಲಗಳ ಆದಾಯವನ್ನೂ ವಸೂಲಿಗೆ ಬಳಸಲು ಕಲಂ 9(2) ಅವಕಾಶ ಕೊಡುತ್ತದೆ. ಅನುವಾದದ ಪಾಲನ್ನು ಬಂದ 30 ದಿನಗಳಲ್ಲಿ ನೇರವಾಗಿ ಪಾವತಿಸಬೇಕೆಂದು ಕೇಳಬಹುದು. ಸಿಗದಿದ್ದರೆ ಅದಕ್ಕಾಗಿ ಒಪ್ಪಂದವನ್ನು ಬಿಡುವ ಅಗತ್ಯವಿಲ್ಲ.

ಕಲಂ 9(4) ಮಾತ್ರ ಒಪ್ಪತಕ್ಕದ್ದಲ್ಲ. ಈ ಪುಸ್ತಕದ ಬಾಕಿಯನ್ನು ‘ಲೇಖಕರ ಇತರ ಯಾವುದೇ ಕೃತಿಯ’ ರಾಯಲ್ಟಿಯಿಂದಲೂ ಮುರಿದುಕೊಳ್ಳಬಹುದೆಂದು ಅದು ಹೇಳುತ್ತದೆ. ಇದೇ ಪ್ರಕಾಶಕರಲ್ಲಿರುವ ತಮ್ಮ ಕಥಾಸಂಕಲನ ಮುಂಗಡವನ್ನು ತೀರಿಸಿ ಈಗ ಪ್ರತಿವರ್ಷ ಹಣ ತರುತ್ತಿದೆ; ಕಾದಂಬರಿ ನಿಧಾನವಾಗಿ ಮಾರಾಟವಾದರೆ ಆ ಹಣವೂ ನಿಲ್ಲುತ್ತದೆ. ಪ್ರತಿ ಪುಸ್ತಕದ ಲೆಕ್ಕ ಆ ಪುಸ್ತಕಕ್ಕೇ ಸೀಮಿತವಾಗಿರಲಿ.

ಮಾರಾಟ ಕಡಿಮೆಯಾದ ಮಾತ್ರಕ್ಕೆ ಮುಂಗಡವನ್ನು ಹಿಂದಿರುಗಿಸಬೇಕಿಲ್ಲ. ಹಸ್ತಪ್ರತಿ ಕೊಡದಿದ್ದರೆ ಅಥವಾ ಅದು ‘ಪ್ರಕಾಶಕರಿಗೆ ತೃಪ್ತಿಕರ’ವಾಗದಿದ್ದರೆ ಹಿಂದಿರುಗಿಸಬೇಕು. ತೃಪ್ತಿಯಿಲ್ಲವೆನ್ನುವ ಮೊದಲು ಲಿಖಿತ ಕಾರಣಗಳನ್ನೂ ತಿದ್ದಿಕೊಡಲು 60 ದಿನಗಳನ್ನೂ ನೀಡಬೇಕೆಂಬ ಷರತ್ತನ್ನು ಇಲ್ಲಿ ಸೇರಿಸಬೇಕು.

ಹಕ್ಕುಗಳು ಮರಳುವುದು

ಕಲಂ 13 ಲೇಖಕರ ಪರವಾಗಿದೆ. ಹಸ್ತಪ್ರತಿ ಒಪ್ಪಿತವಾದ 18 ತಿಂಗಳೊಳಗೆ ಪುಸ್ತಕ ಬಾರದಿದ್ದರೆ, 60 ದಿನಗಳ ನೋಟಿಸ್ ನೀಡಿ ಒಪ್ಪಂದವನ್ನು ಕೊನೆಗೊಳಿಸಬಹುದು. ಪಡೆದ ಕಂತುಗಳು ತಮ್ಮಲ್ಲೇ ಉಳಿಯುತ್ತವೆ.

ಪ್ರಕಟಣೆಯ ನಂತರದ ಸ್ಥಿತಿಯನ್ನು ಹೇಳುವ ಕಲಂ 14ರಂತೆ, ಕೃತಿ ‘ಯಾವುದೇ ರೂಪದಲ್ಲಿ ಲಭ್ಯವಿಲ್ಲದಿದ್ದಾಗ’ ತಾವು ನೋಟಿಸ್ ಕೊಡಬಹುದು, 6 ತಿಂಗಳೊಳಗೆ ಮರುಮುದ್ರಣವಾಗದಿದ್ದರೆ ಹಕ್ಕುಗಳು ಮರಳುತ್ತವೆ. ಗೋದಾಮಿನಲ್ಲಿ ಪ್ರತಿಗಳು ಮುಗಿಯುವುದೇ ಪುಸ್ತಕ ಅಲಭ್ಯವಾಗುವುದಾಗಿದ್ದ ಕಾಲಕ್ಕೆ ಈ ಮಾತು ಸರಿ. ಇಂದು ಇ-ಪುಸ್ತಕದ ಕಡತವೊಂದು ಜಾಲತಾಣದಲ್ಲಿದ್ದರೆ, ಇಲ್ಲವೇ ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಮುದ್ರಿಸುವ ವ್ಯವಸ್ಥೆಯಿದ್ದರೆ ಕೃತಿ ಎಂದೂ ‘ಅಲಭ್ಯ’ವಾಗುವುದಿಲ್ಲ. ಆದ್ದರಿಂದ ಲಭ್ಯತೆಯ ಬದಲು ಮಾರಾಟವೇ ಅಳತೆಯಾಗಬೇಕು. ಸತತ ಎರಡು ಲೆಕ್ಕವರ್ಷಗಳಲ್ಲಿ ಎಲ್ಲ ರೂಪಗಳೂ ಸೇರಿ ವರ್ಷಕ್ಕೆ 100ಕ್ಕಿಂತ ಕಡಿಮೆ ಪ್ರತಿ ಮಾರಾಟವಾದರೆ, ತಮ್ಮ ನೋಟಿಸಿನ 90 ದಿನಗಳ ನಂತರ ಹಕ್ಕುಗಳು ಮರಳಬೇಕು ಎಂಬ ಮಾತನ್ನು ಸೂಚಿಸುತ್ತೇನೆ. ಪ್ರಕಾಶಕರು 50ಕ್ಕೆ ಇಳಿಸಲು ಕೇಳಿದರೆ ಒಪ್ಪಬಹುದು. ಅಂಕಿಯೇ ಬೇಡವೆಂದರೆ ಒಪ್ಪಬಾರದು.

ಇದಕ್ಕೆ ಕಲಂ 14(5) ಇನ್ನೊಂದು ಬೀಗ ಹಾಕುತ್ತದೆ: ವಸೂಲಿಯಾಗದ ಮುಂಗಡವನ್ನು ಲೇಖಕರು ನಗದಾಗಿ ತೀರಿಸಿದ ಮೇಲಷ್ಟೇ ಹಕ್ಕುಗಳು ಮರಳುತ್ತವೆ. ಕಲಂ 9ರಲ್ಲಿ ಹಿಂದಿರುಗಿಸಬೇಕಿಲ್ಲವೆಂದ ಹಣವನ್ನೇ ಇಲ್ಲಿ ಹಿಂದಿರುಗಿಸುವಂತೆ ಕೇಳಲಾಗಿದೆ. ಮಾರಾಟವಾಗದ ಪುಸ್ತಕಕ್ಕೇ ಬಾಕಿ ಉಳಿಯುವುದು, ಹಕ್ಕು ಮರಳಿ ಬೇಕಾಗುವುದೂ ಅಂಥ ಪುಸ್ತಕಕ್ಕೇ. ಈ ಉಪಕಲಮನ್ನು ತೆಗೆಸಬೇಕು. ಪ್ರಕಾಶಕರು ಹಟ ಹಿಡಿದರೆ, ಮರಳಿದ ಹಕ್ಕುಗಳಿಂದ ಮುಂದೆ ಬರುವ ಆದಾಯದಲ್ಲಿ ಶೇಕಡಾ 10ನ್ನು ಬಾಕಿ ತೀರುವವರೆಗೆ ಕೊಡುವುದಾಗಿ ಹೇಳಿ ನೋಡಬಹುದು.

ರಾಯಲ್ಟಿ ಪಾವತಿಸದಿದ್ದರೆ ಒಪ್ಪಂದ ಕೊನೆಗೊಳಿಸುವ ಹಕ್ಕು ಕರಡಿನಲ್ಲಿ ಎಲ್ಲಿಯೂ ಇಲ್ಲ. ಬಾಕಿ ಹಣಕ್ಕಾಗಿ ನೋಟಿಸ್ ಕೊಟ್ಟ 60 ದಿನಗಳಲ್ಲಿ ಪಾವತಿಯಾಗದಿದ್ದರೆ ಎಲ್ಲ ಹಕ್ಕುಗಳೂ ಮರಳುತ್ತವೆ ಎಂದು ಹೊಸ ಉಪಕಲಂ ಬೇಕು. ಪ್ರಕಾಶನ ಸಂಸ್ಥೆ ಮುಚ್ಚಿದರೆ ಹಕ್ಕುಗಳು ತಾವಾಗಿ ಮರಳುತ್ತವೆ ಎಂಬುದು ಈಗಾಗಲೇ ಇದೆ.

ಹಕ್ಕು ಮರಳಿದ ಮೇಲೂ ಅದಕ್ಕೆ ಮೊದಲು ಮಾಡಿಕೊಂಡ ಅನುವಾದದ ಒಪ್ಪಂದಗಳು ತಮ್ಮ ಅವಧಿಯವರೆಗೆ ನಡೆಯುತ್ತವೆ, ತಮ್ಮ ಪಾಲೂ ಬರುತ್ತಿರುತ್ತದೆ. ಉಳಿದ ಪ್ರತಿಗಳನ್ನು ಪ್ರಕಾಶಕರು 12 ತಿಂಗಳು ಮಾರಬಹುದು. ಅದನ್ನು 6 ತಿಂಗಳಿಗೆ ಇಳಿಸಿ, ರದ್ದಿಗೆ ಹಾಕುವ ಮೊದಲು ಮುದ್ರಣದ ವೆಚ್ಚಕ್ಕೆ ಕೊಳ್ಳುವ ಅವಕಾಶ ತಮಗೆ ಸಿಗುವಂತೆ ಕೇಳಿ. ಮುಖಪುಟದ ವಿನ್ಯಾಸ ಮತ್ತು ಪುಟವಿನ್ಯಾಸದ ಕಡತಗಳು ಪ್ರಕಾಶಕರವೇ ಆಗಿ ಉಳಿಯುತ್ತವೆ, ಹಾಗಾಗಿ ಮುಂದೆ ಬೇರೆಡೆ ಮರುಮುದ್ರಿಸುವಾಗ ಅವನ್ನು ಹೊಸದಾಗಿ ಮಾಡಿಸಬೇಕಾಗುತ್ತದೆ ಅಥವಾ ಪ್ರಕಾಶಕರಿಂದ ಬೆಲೆ ಕೊಟ್ಟು ಪಡೆಯಬೇಕಾಗುತ್ತದೆ.

ತಾವು ಒಪ್ಪಿದರೆ ಕಲಂ 4, 7(3), 9(4) ಮತ್ತು 14ರ ತಿದ್ದುಪಡಿಗಳನ್ನು ಪ್ರತ್ಯೇಕ ಪತ್ರವಾಗಿ ಬರೆದು ತಮಗೆ ಕಳುಹಿಸುತ್ತೇನೆ. ಅಲ್ಲಿಯವರೆಗೆ ಮೊದಲ ಕಂತಿನ ಚೆಕ್ಕನ್ನು ಸ್ವೀಕರಿಸಬೇಡಿ.

ವಿಶ್ವಾಸದಿಂದ,
ತಮ್ಮ ವಕೀಲರು